ರಾಗಿ, ಎಳ್ಳು, ಹಾಲು: ಕ್ಯಾಲ್ಸಿಯಂ ಇರುವುದೆಷ್ಟು, ಮೈಗೆ ಹತ್ತುವುದೆಷ್ಟು?

"ಹಾಲಿಗಿಂತ ರಾಗಿಯಲ್ಲಿ ಮೂರು ಪಟ್ಟು ಕ್ಯಾಲ್ಸಿಯಂ, ಎಳ್ಳಿನಲ್ಲಂತೂ ಹತ್ತು ಪಟ್ಟಿಗೂ ಜಾಸ್ತಿ ಅಂತಾರಲ್ಲ, ಹಾಗಿದ್ದರೆ ಹಾಲು ಬಿಡಬಹುದಾ?" ಈ ಪ್ರಶ್ನೆ ತಿಂಗಳಿಗೆ ನಾಲ್ಕೈದು ಸಲ ಬರುತ್ತದೆ. ಕೇಳುವವರಲ್ಲಿ ಮುಟ್ಟು ನಿಂತ ಮೇಲೆ ಮೂಳೆ ಸವೆತದ ಭಯ ಹತ್ತಿದವರಿದ್ದಾರೆ, ಹಾಲು ಒಗ್ಗದವರಿದ್ದಾರೆ, ಮಗು ಹಾಲು ಕುಡಿಯುವುದಿಲ್ಲ ಎಂದು ಗೋಳಾಡುವ ತಾಯಂದಿರೂ ಇದ್ದಾರೆ. ಎಲ್ಲರಿಗೂ ಒಂದೊಂದಾಗಿ ಬರೆಯುವ ಬದಲು ಲೆಕ್ಕ ಹಾಕುವ ಕ್ರಮವನ್ನೇ ಇಲ್ಲಿ ಕೊಡುತ್ತೇನೆ. ಬೇಕಾಗುವುದು ಒಂದು ಅಡುಗೆಮನೆ ತಕ್ಕಡಿ, ನೀವು ದಿನಾ ಬಳಸುವ ಲೋಟ ಮತ್ತು ಚಮಚ, ಹತ್ತು ನಿಮಿಷ ಬಿಡುವು. ತಕ್ಕಡಿ ಇಲ್ಲದಿದ್ದರೆ ನನ್ನ ಅಂದಾಜುಗಳನ್ನೇ ಬಳಸಿಕೊಳ್ಳಿ.

ಆ "ಪಟ್ಟು"ಗಳು ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಸುವಿನ ಹಾಲಿನಲ್ಲಿ 118ರ ಆಸುಪಾಸು. ಸಿಪ್ಪೆ ಇರುವ ಎಳ್ಳಿನಲ್ಲಿ ಬಣ್ಣ, ತಳಿ ನೋಡಿಕೊಂಡು 1200ರಿಂದ 1600ರವರೆಗೂ ಹೋಗುತ್ತದೆ. ತಪ್ಪಾಗುವುದು ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಅಲ್ಲಿಗೇ ನಿಲ್ಲಿಸಿಬಿಡುವುದರಿಂದ.

ಹಂತ 1: ನೂರು ಗ್ರಾಂ ಬಿಡಿ, ತಟ್ಟೆಯಲ್ಲಿರುವುದನ್ನು ತೂಗಿ

ಹಾಲಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ. ರಾಗಿ, ಎಳ್ಳು ಒಣ ಪದಾರ್ಥ. ನೂರು ಗ್ರಾಂ ಹಾಲೆಂದರೆ ಅರ್ಧ ಲೋಟ, ಎರಡು ಗುಟುಕು ಕುಡಿದರೆ ಮುಗಿಯಿತು. ನೂರು ಗ್ರಾಂ ಎಳ್ಳು ಎಂದರೆ ಹತ್ತು ಹನ್ನೊಂದು ದೊಡ್ಡ ಚಮಚ, ಸಂಕ್ರಾಂತಿ ದಿನವೂ ಯಾರೂ ಅಷ್ಟು ತಿನ್ನುವುದಿಲ್ಲ. ಹಾಗಾಗಿ ಒಂದು ಹೊತ್ತಿಗೆ ನಿಜವಾಗಿ ಎಷ್ಟು ಹೊಟ್ಟೆಗೆ ಹೋಗುತ್ತದೆ ಎಂಬುದನ್ನು ಮೊದಲು ಹಿಡಿಯಬೇಕು.

ನಮ್ಮ ಮನೆಯಲ್ಲಿ ತೂಗಿದಾಗ ಒಂದು ಮಧ್ಯಮ ಗಾತ್ರದ ಮುದ್ದೆಗೆ 80 ಗ್ರಾಂ ಹಿಟ್ಟು ಬಿತ್ತು. ನಿಮ್ಮಲ್ಲಿ 60 ಇರಬಹುದು, ಗದ್ದೆ ಕೆಲಸದವರ ಮನೆಯಲ್ಲಿ 120 ಇರಬಹುದು. ಮುದ್ದೆ ತೂಗಬೇಡಿ, ಹಿಟ್ಟು ತೂಗಿ. ಬೆಂದ ಮುದ್ದೆಯ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದು. ಈ ಒಂದು ತಪ್ಪಿಗೆ ಲೆಕ್ಕ ಎರಡು ಮೂರು ಪಟ್ಟು ಉಬ್ಬುತ್ತದೆ. ಎಳ್ಳು ಒಂದು ದೊಡ್ಡ ಚಮಚಕ್ಕೆ 9 ಗ್ರಾಂ. ಹಾಲು ಒಂದು ಲೋಟಕ್ಕೆ 200 ಮಿಲಿ ಎಂದಿಟ್ಟುಕೊಳ್ಳೋಣ.

ಈಗ ಗುಣಿಸಿ. ಒಂದು ಮುದ್ದೆಯಲ್ಲಿ ಸುಮಾರು 290 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ 240ರ ಹತ್ತಿರ, ಒಂದು ಚಮಚ ಎಳ್ಳಿನಲ್ಲಿ 120ರ ಆಸುಪಾಸು. ಹನ್ನೆರಡು ಪಟ್ಟಿದ್ದ ಎಳ್ಳು ಹಾಲಿನ ಅರ್ಧಕ್ಕೆ ಇಳಿಯಿತು. ಮುದ್ದೆ ಮಾತ್ರ ಇನ್ನೂ ಹಾಲಿಗಿಂತ ಒಂದು ಕೈ ಮೇಲೇ ಇದೆ.

ಹಂತ 2: ಕರುಳು ಎಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ ನೋಡಿ

ತಿಂದ ಕ್ಯಾಲ್ಸಿಯಂ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಕರಗಿ ಬಿಡಿಯಾಗಿರುವ ಕ್ಯಾಲ್ಸಿಯಂ ಮಾತ್ರ ಕರುಳಿನ ಗೋಡೆ ದಾಟುತ್ತದೆ. ತಿಂದದ್ದರಲ್ಲಿ ಹೀಗೆ ದಾಟುವ ಪಾಲಿಗೆ "ಹೀರುವಿಕೆಯ ಪ್ರಮಾಣ" ಎನ್ನುತ್ತಾರೆ. ಅಡ್ಡಗಾಲು ಹಾಕುವವು ಮುಖ್ಯವಾಗಿ ಎರಡು. ಒಂದು ಫೈಟೇಟ್: ಕಾಳು, ಧಾನ್ಯಗಳು ಮೊಳಕೆಗೆಂದು ರಂಜಕವನ್ನು ಕೂಡಿಟ್ಟುಕೊಳ್ಳುವ ರೂಪ ಇದು, ಕ್ಯಾಲ್ಸಿಯಂ, ಕಬ್ಬಿಣ, ಸತುವನ್ನು ಅಂಟಿಸಿಕೊಂಡುಬಿಡುತ್ತದೆ. ಇನ್ನೊಂದು ಆಕ್ಸಲೇಟ್: ಪಾಲಕ್ ತಿಂದರೆ ಹಲ್ಲು ಜುಮ್ಮೆನ್ನುತ್ತದಲ್ಲ, ಅದೇ. ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಿನಲ್ಲಿ ಕರಗದ ಹರಳಾಗುತ್ತದೆ. ಫೈಟೇಟ್ ಹಿಡಿದದ್ದನ್ನು ಸ್ವಲ್ಪ ಮಟ್ಟಿಗೆ ಬಿಡಿಸಬಹುದು. ಆಕ್ಸಲೇಟ್ ಹಿಡಿದದ್ದನ್ನು ಹುರಿದರೂ ಬೇಯಿಸಿದರೂ ಬಿಡಿಸುವುದು ಕಷ್ಟ.

ಇದನ್ನು ಅಳೆದವರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ಕೋನಿ ವೀವರ್ ಅವರ ಹೆಸರು ದೊಡ್ಡದು. ಆಹಾರದಲ್ಲಿ ಗುರುತು ಹಚ್ಚಿದ ಕ್ಯಾಲ್ಸಿಯಂ ಸೇರಿಸಿ, ಅದು ದೇಹದೊಳಗೆ ಎಷ್ಟು ಬಂತು ಎಂದು ನೋಡುವ ಪದ್ಧತಿ. ಅಂಥ ಅಳತೆಗಳಲ್ಲಿ ಹಾಲಿನಿಂದ ಸುಮಾರು 32%, ಸಿಪ್ಪೆ ತೆಗೆದ ಎಳ್ಳಿನಿಂದ ಸುಮಾರು 21%, ಪಾಲಕ್‌ನಿಂದ ಬರೀ 5% ಸಿಕ್ಕಿತು. ಫೈಟೇಟ್ ಹೆಚ್ಚಿರುವ ಒಣ ಕಾಳುಗಳಿಂದ 20ರ ಮೇಲೆ ಕೆಳಗೆ.

ರಾಗಿಯಲ್ಲಿ ಫೈಟೇಟ್ ಜೊತೆಗೆ ಸಿಪ್ಪೆಯ ಟ್ಯಾನಿನ್ ಕೂಡ ಇದೆ, ಅಂದರೆ ಚಹಾದಲ್ಲಿ ಬಾಯಿ ಒಗರು ಮಾಡುವ ಅಂಶ. ಹಾಗಾಗಿ ನಾನು ರಾಗಿಗೆ ಒಣ ಕಾಳಿನ ಲೆಕ್ಕವನ್ನೇ, ಎಂದರೆ 20% ಹಿಡಿಯುತ್ತೇನೆ. ಸಿಪ್ಪೆ ಇರುವ ಎಳ್ಳಿಗೆ 10%. ಸಿಪ್ಪೆಯ ಆಕ್ಸಲೇಟ್ ಇರುವಾಗ ಸಿಪ್ಪೆ ತೆಗೆದ ಎಳ್ಳಿನಷ್ಟು ಸಿಗಲಾರದು, ಪಾಲಕ್‌ನಷ್ಟು ಕೆಳಗೂ ಇಳಿಸಬೇಕಿಲ್ಲ ಎಂಬ ಅಂದಾಜು. ಈ ಎರಡು ಅಂಕಿ ನನ್ನ ಲೆಕ್ಕದ ಅನುಕೂಲಕ್ಕೆ ಹಿಡಿದವು, ಪ್ರಯೋಗಶಾಲೆಯಿಂದ ತಂದವಲ್ಲ. ಬೇಕಿದ್ದರೆ ಐದೈದು ಅಂಕ ಹೆಚ್ಚು ಕಡಿಮೆ ಮಾಡಿ ನೋಡಿ, ಮೂರರ ಸಾಲು ಬದಲಾಗುವುದಿಲ್ಲ, ಬಹಳವೆಂದರೆ ಹಾಲು ಮತ್ತು ಮುದ್ದೆ ಸಮಸಮ ಬರುತ್ತವೆ.

ಈಗ ಮತ್ತೊಮ್ಮೆ ಗುಣಿಸೋಣ. ಒಂದು ಲೋಟ ಹಾಲಿನಿಂದ ಮೈಗೆ ಹತ್ತುವುದು 75 ಮಿಲಿಗ್ರಾಂನಷ್ಟು. ಒಂದು ಮುದ್ದೆಯಿಂದ 58. ಒಂದು ಚಮಚ ಎಳ್ಳಿನಿಂದ 12. ಕೋಷ್ಟಕದಲ್ಲಿ ಮೊದಲಿದ್ದದ್ದು ಕೊನೆಗೆ, ಕೊನೆಗಿದ್ದದ್ದು ಮೊದಲಿಗೆ ಬಂತು. ಮುದ್ದೆ ಹಾಲಿನ ಮುಕ್ಕಾಲು ಪಾಲಿನಷ್ಟು ನಿಂತಿದೆ, ಒಂದು ಧಾನ್ಯಕ್ಕೆ ಇದು ಸಣ್ಣ ಮಾತಲ್ಲ. ಒಂದು ಊಟದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಸಿಗುವುದು ಕಷ್ಟ.

ಹಂತ 3: ನಿಮ್ಮ ಡಬ್ಬಿಯಲ್ಲಿರುವುದು ಯಾವ ಎಳ್ಳು?

ಎಳ್ಳಿನ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇದೆ, ಅದನ್ನು ಕಟ್ಟಿಹಾಕುವ ಆಕ್ಸಲೇಟ್ ಕೂಡ ಅಲ್ಲೇ ಇದೆ. ಸಿಪ್ಪೆ ತೆಗೆದರೆ ಆಕ್ಸಲೇಟ್ ಹೋಗುತ್ತದೆ, ಹೀರುವಿಕೆ ಸುಧಾರಿಸುತ್ತದೆ, ಆದರೆ ಹೀರಿಕೊಳ್ಳಲು ಕ್ಯಾಲ್ಸಿಯಂ ಉಳಿದಿರುವುದಿಲ್ಲ. ಸಿಪ್ಪೆ ತೆಗೆದ ಎಳ್ಳಿನಲ್ಲಿ 100 ಗ್ರಾಂಗೆ 60ರಿಂದ 130 ಮಿಲಿಗ್ರಾಂ ಅಷ್ಟೆ. ಒಂದು ಚಮಚದಿಂದ ಮೈಗೆ ಹತ್ತುವುದು ಎರಡು ಮಿಲಿಗ್ರಾಂ, ಹೆಚ್ಚೆಂದರೆ ಮೂರು.

ಅಂಗಡಿಯಲ್ಲಿ ಎರಡನ್ನೂ "ಬಿಳಿ ಎಳ್ಳು" ಎಂದೇ ಕೊಡುತ್ತಾರೆ. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿಯಿರಿ. ಸಿಪ್ಪೆ ಇರುವುದು ಮಾಸಲು, ತುಸು ಹಳದಿ ಅಥವಾ ಕಂದು ಛಾಯೆ, ಕಾಳಿನಿಂದ ಕಾಳಿಗೆ ಬಣ್ಣ ಬೇರೆ. ಸಿಪ್ಪೆ ತೆಗೆದದ್ದು ಒಂದೇ ಸಮ ಹಾಲುಬಿಳಿ, ನುಣುಪು, ಬನ್ ಮೇಲೆ ಉದುರಿಸಿರುತ್ತಾರಲ್ಲ ಹಾಗೆ. ಸಂದೇಹ ಉಳಿದರೆ ಒಂದು ಗಂಟೆ ನೆನೆಸಿ ಬೆರಳಿನ ನಡುವೆ ಉಜ್ಜಿ. ತೆಳ್ಳನೆ ಪೊರೆ ಕಳಚಿ ಬಂದರೆ ಸಿಪ್ಪೆ ಇತ್ತು ಎಂದರ್ಥ.

ಉತ್ತರ ಕರ್ನಾಟಕದ ಓದುಗರಿಗೆ ಇನ್ನೊಂದು ಮಾತು. ನಿಮ್ಮ ಗುರೆಳ್ಳು, ಅಂದರೆ ಹುಚ್ಚೆಳ್ಳು, ಎಳ್ಳಲ್ಲ. ಅದು ಸೂರ್ಯಕಾಂತಿಯ ಬಳಗದ ಬೇರೆಯೇ ಗಿಡದ ಬೀಜ. ಹಳೆಯ ಕೋಷ್ಟಕಗಳಲ್ಲಿ ಅದರ ಕ್ಯಾಲ್ಸಿಯಂ 300 ಮಿಲಿಗ್ರಾಂ. ಗುರೆಳ್ಳು ಚಟ್ನಿಪುಡಿಗೆ ಎಳ್ಳಿನ ಅಂಕಿ ಹಾಕಿದರೆ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ.

ಎಳ್ಳನ್ನು ಹುರಿದು ಪುಡಿ ಮಾಡಿಯೇ ಬಳಸಿ. ಚಿಕ್ಕಿ, ಎಳ್ಳುಂಡೆಯಲ್ಲಿ ಅಗಿಯದೆ ಉಳಿದ ಇಡೀ ಕಾಳು ಹೊಟ್ಟೆಗೆ ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ. ಕ್ಯಾಲ್ಸಿಯಂ ಆಸೆಗೆ ದಿನಾ ಎರಡು ಮೂರು ಚಮಚ ಕರಿ ಎಳ್ಳು ನುಂಗುವ ಅಭ್ಯಾಸ ಮಾಡಿಕೊಂಡವರಿದ್ದಾರೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದವರು ಇದನ್ನು ಮಾಡಬೇಡಿ. ನನ್ನ ಮಟ್ಟಿಗೆ ಎಳ್ಳು ರುಚಿಗೆ, ಒಳ್ಳೆಯ ಕೊಬ್ಬಿಗೆ. ಕ್ಯಾಲ್ಸಿಯಂ ಲೆಕ್ಕದಲ್ಲಿ ಅದು ಮೇಲ್ಚಿಲ್ಲರೆ.

ಹಂತ 4: ರಾಗಿಯಲ್ಲಿರುವುದನ್ನು ಕಳೆದುಕೊಳ್ಳಬೇಡಿ, ಹಿಡಿದಿಟ್ಟದ್ದನ್ನು ಬಿಡಿಸಿ

ಕೈ ಆಡಿಸಲು ನಿಜವಾಗಿ ಅವಕಾಶವಿರುವುದು ರಾಗಿಯಲ್ಲಿ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ರಾಗಿಯ ಕ್ಯಾಲ್ಸಿಯಂ ಕೂಡ ಹೆಚ್ಚಿಗೆ ಇರುವುದು ಕೆಂಪು ಸಿಪ್ಪೆ ಮತ್ತು ಅದರ ಕೆಳಪದರದಲ್ಲಿ. ಮಿಲ್ಲಿನಿಂದ ತಂದ ಹಿಟ್ಟನ್ನು ನುಣ್ಣನೆ ಜರಡಿಯಲ್ಲಿ ಅಥವಾ ಬಟ್ಟೆಯಲ್ಲಿ ಜಾಲಿಸಿ ತೌಡು ಎಸೆದರೆ ಕ್ಯಾಲ್ಸಿಯಂನ ದೊಡ್ಡ ಪಾಲು ಎಸೆದ ಹಾಗೆ. ಹಿಟ್ಟು ಬೆಳ್ಳಗಾದಷ್ಟೂ ಕ್ಯಾಲ್ಸಿಯಂ ಕಡಿಮೆ ಎಂದು ಅಂದಾಜಿಸಬಹುದು. ರಾಗಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆಯುವ ರಾಗಿ ಹಾಲಿಗೂ, ಅದರಿಂದ ಮಾಡುವ ಹಾಲುಬಾಯಿಗೂ ಇದೇ ಕಥೆ: ನುಣುಪು ಬರುತ್ತದೆ, ಚರಟದ ಜೊತೆ ಕ್ಯಾಲ್ಸಿಯಂ ಹೋಗುತ್ತದೆ. ಎಳೆ ಕೂಸಿನ ಹೊಟ್ಟೆಗೆ ನಾರು ಭಾರವೆಂದು ಹಿಂಡಿಯೇ ಕೊಡುವುದು ಸರಿ, ಆದರೆ ಅದಕ್ಕೆ 364ರ ಲೆಕ್ಕ ಹಾಕಬೇಡಿ. ದೊಡ್ಡವರಿಗೆ ಹಿಂಡುವ, ಜಾಲಿಸುವ ಅಗತ್ಯವೇ ಇಲ್ಲ. ಕಲ್ಲು, ಮಣ್ಣು ಹೋಗುವಂತೆ ಕಾಳನ್ನು ಚೆನ್ನಾಗಿ ತೊಳೆದು ಒಣಗಿಸಿ ಬೀಸಿದರೆ ಸಾಕು.

ಫೈಟೇಟ್ ಹಿಡಿತ ಬಿಡಿಸುವ ದಾರಿ ಮೊಳಕೆ. ಕಾಳು ಮೊಳೆಯುವಾಗ ಫೈಟೇಸ್ ಎಂಬ ಕಿಣ್ವ ಎದ್ದು ಫೈಟೇಟನ್ನು ಒಡೆಯುತ್ತದೆ, ಸಿಕ್ಕಿಬಿದ್ದ ಕ್ಯಾಲ್ಸಿಯಂ ಬಿಡಿಯಾಗುತ್ತದೆ. ಒಂದು ಕೆ.ಜಿ. ರಾಗಿಗೆ ಹೀಗೆ ಮಾಡಿ.

ಸಂಜೆ ಆರಕ್ಕೆ ರಾಗಿಯನ್ನು ನಾಲ್ಕೈದು ನೀರಿನಲ್ಲಿ ತೊಳೆದು, ತೇಲಿದ ಜೊಳ್ಳು ತೆಗೆದು, ಕಾಳಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ನೆನೆಹಾಕಿ. ಹತ್ತು ಹನ್ನೆರಡು ಗಂಟೆ ಸಾಕು. ಮಾರನೆ ಬೆಳಗ್ಗೆ ನೀರು ಪೂರ್ತಿ ಬಸಿದು, ತೊಳೆದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ನಡುವಿನ ಕಾಳಿಗೆ ಗಾಳಿ ಆಡದೆ ಬಿಸಿಯೇರಿ ಹುಳಿ ವಾಸನೆ ಬರುತ್ತದೆ. ದಿನಕ್ಕೆ ಎರಡು ಮೂರು ಸಲ ಗಂಟು ಬಿಚ್ಚಿ, ನೀರು ಚಿಮುಕಿಸಿ, ಕೈಯಾಡಿಸಿ ಮತ್ತೆ ಕಟ್ಟಿ. ಬೇಸಿಗೆಯಲ್ಲಿ 24 ಗಂಟೆಗೆ ಬಿಳಿ ಮೊಳಕೆ ಕಾಣುತ್ತದೆ, ಚಳಿಗಾಲದಲ್ಲಿ 36ರಿಂದ 48 ಗಂಟೆ ಹಿಡಿಯಬಹುದು. ಮೊಳಕೆ ಕಾಳಿನಷ್ಟುದ್ದ ಆದಾಗ ನಿಲ್ಲಿಸಿ. ಗಂಟಿನೊಳಗೆ ಜೇಡರ ಬಲೆಯಂಥ ಎಳೆ ಕಂಡರೆ ಗಾಬರಿ ಬೇಡ, ಮೊದಲು ಹತ್ತಿರದಿಂದ ನೋಡಿ. ಪ್ರತಿ ಕಾಳಿನ ತುದಿಯಿಂದ ಹೊರಟಿದ್ದರೆ ಅದು ಬೇರಿನ ರೋಮ. ಕಾಳುಗಳ ಮೇಲೆ ಹಬ್ಬಿಕೊಂಡಿದ್ದರೆ, ಬೂದು ಹಸಿರು ಕಲೆ ಇದ್ದರೆ, ಮುಗ್ಗಲು ವಾಸನೆ ಹೊಡೆದರೆ ಬೂಷ್ಟು, ಪೂರ್ತಿ ಚೆಲ್ಲಿ. ಬೂಷ್ಟು ಹಿಡಿದದ್ದನ್ನು ತೊಳೆದು, ಹುರಿದು ಉಳಿಸಿಕೊಳ್ಳಲು ಹೋಗಬೇಡಿ.

ಬಟ್ಟೆಯ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ, ಮಳೆಗಾಲವಾದರೆ ಫ್ಯಾನಿನ ಕೆಳಗೆ, ಕಾಳು ಹಲ್ಲಿಗೆ ಕಟಕ್ ಎನ್ನುವವರೆಗೆ ಒಣಗಿಸಿ. ಅಂಗೈಯಲ್ಲಿ ಉಜ್ಜಿ ಒಣ ಮೊಳಕೆ ಉದುರಿಸಿ, ಕಡಿಮೆ ಉರಿಯಲ್ಲಿ ಘಮ್ಮೆನ್ನುವಷ್ಟು ಬೆಚ್ಚಗೆ ಹುರಿದು ಬೀಸಿಸಿ. ಮೊಳಕೆ ಹಿಟ್ಟಿನ ಗಂಜಿ ಮಾಮೂಲಿ ಹಿಟ್ಟಿನದಕ್ಕಿಂತ ತೆಳ್ಳಗಾಗುತ್ತದೆ, ಗಟ್ಟಿಯಾಗಲೆಂದು ಇನ್ನಷ್ಟು ಹಿಟ್ಟು ಹಾಕಬಹುದು, ಕ್ಯಾಲ್ಸಿಯಂಗೂ ಅದು ಲಾಭ. ಆದರೆ ಇದರಿಂದ ಮುದ್ದೆ ಕಟ್ಟಲು ಹೋದರೆ ಅಂಟಂಟಾಗಿ ಕೈಗೆ ಸಿಗುವುದಿಲ್ಲ. ಮುದ್ದೆಗೆ ಮಾಮೂಲಿ ಹಿಟ್ಟು, ಅಂಬಲಿ, ಗಂಜಿ, ಮಾಲ್ಟ್‌ಗೆ ಮೊಳಕೆ ಹಿಟ್ಟು ಎಂದು ಎರಡು ಡಬ್ಬಿ ಇಟ್ಟುಕೊಳ್ಳಿ.

ಮೊಳಕೆ ಕಟ್ಟುವ ಪುರುಸೊತ್ತಿಲ್ಲದವರು ರಾತ್ರಿ ಹಿಟ್ಟು ಕಲಸಿಟ್ಟು ಬೆಳಗ್ಗೆ ಹುಳಿ ಬಂದ ಮೇಲೆ ಅಂಬಲಿ ಕಾಯಿಸಿ. ಹುಳಿ ಬರಿಸುವುದರಿಂದಲೂ ಫೈಟೇಟ್ ತಗ್ಗುತ್ತದೆ. ಮೊದಲೇ ಬೇಯಿಸಿ ಆಮೇಲೆ ಹುಳಿ ಬರಿಸಿದರೆ ರುಚಿ ಸಿಗುತ್ತದೆ, ಈ ಲಾಭ ಅಷ್ಟಾಗಿ ಸಿಗುವುದಿಲ್ಲ. ಬಿಸಿಗೆ ಕಾಳಿನ ಕಿಣ್ವ ಸತ್ತುಹೋಗಿರುತ್ತದೆ.

ಪೊಟ್ಟಣದ ರಾಗಿ ಬಿಸ್ಕತ್ತು, ರಾಗಿ ಶಾವಿಗೆ ಕೊಳ್ಳುವಾಗ ಹಿಂಬದಿಯ ಸಣ್ಣಕ್ಷರ ಓದಿ. ರಾಗಿ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ಮೊದಲ ಹೆಸರು ಮೈದಾ ಅಥವಾ ಗೋಧಿ ಇದ್ದರೆ ಅದು ರಾಗಿಯ ಬಣ್ಣದ ಬಿಸ್ಕತ್ತು.

ಹಂತ 5: ಹಾಲಿನ ಲೆಕ್ಕದಲ್ಲಿ ನೀರು ಹಿಡಿಯಿರಿ

ಹಾಲಿಗೆ ಹೇಳುವುದು ಕಡಿಮೆ. ಕೆನೆ ತೆಗೆದರೆ ಕ್ಯಾಲ್ಸಿಯಂ ಹೋಗುವುದಿಲ್ಲ, ಕಾಯಿಸಿದರೂ ಹೋಗುವುದಿಲ್ಲ. ಬೆಣ್ಣೆ, ತುಪ್ಪದಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಮೊಸರಿನಲ್ಲಿ ಹಾಲಿನಷ್ಟೇ ಇದೆ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ, ಏಕೆಂದರೆ ಹಾಲಿನ ಸಕ್ಕರೆಯ ಒಂದಷ್ಟು ಭಾಗವನ್ನು ಹೆಪ್ಪು ಆಗಲೇ ಅರಗಿಸಿರುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಆ ತಿಳಿಯ ಜೊತೆ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ, ತಿಳಿಯನ್ನು ಸಾರಿಗೋ ಹಿಟ್ಟು ಕಲಸಲಿಕ್ಕೋ ಬಳಸಿ.

ಎಡವುವುದು ಮಜ್ಜಿಗೆಯಲ್ಲಿ. "ದಿನಾ ಎರಡು ಲೋಟ ಮಜ್ಜಿಗೆ ಕುಡಿಯುತ್ತೇನೆ" ಎನ್ನುವವರ ಮಜ್ಜಿಗೆ ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು. ಎರಡು ಲೋಟದಲ್ಲಿ ಮೊಸರು 80 ಗ್ರಾಂ, ಕ್ಯಾಲ್ಸಿಯಂ ನೂರಕ್ಕೂ ಕಡಿಮೆ. ಕಾಫಿಯಲ್ಲೂ ಹಾಗೆಯೇ, ಲೋಟ ಎಣಿಸದೆ ಹಾಲು ಅಳೆಯಿರಿ.

ಹಂತ 6: ಒಂದು ದಿನದ ಲೆಕ್ಕ ಕೂಡಿಸಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಎದೆಹಾಲು ಕೊಡುವವರಿಗೂ ಮುಟ್ಟು ನಿಂತವರಿಗೂ 1200. ಹಿಂದೆ ವಯಸ್ಕರಿಗೆ 600 ಎಂದಿತ್ತು, ಹಳೆಯ ಪುಸ್ತಕ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಹೀರಿಕೊಂಡ 75, 58, 12 ಎಲ್ಲ ಕೂಡಿಸಿ ಅದನ್ನು 1200ಕ್ಕೆ ಹೋಲಿಸಿ ಕಂಗಾಲಾಗುತ್ತಾರೆ. ಸ್ವಲ್ಪ ಪಾಲು ಮಾತ್ರ ಮೈಗೆ ಹತ್ತುತ್ತದೆ ಎಂಬುದನ್ನು ಆ 1200 ಹಾಕುವಾಗಲೇ ಹಿಡಿದಿರುತ್ತಾರೆ. ಆದ್ದರಿಂದ ತಿಂದದ್ದನ್ನು 1200ಕ್ಕೆ ಹೋಲಿಸಿ, ಯಾವುದನ್ನು ಹೆಚ್ಚಿಸಬೇಕು ಎಂದು ಆರಿಸುವಾಗ ಮಾತ್ರ ಹೀರುವಿಕೆಯ ಅಂಕಿ ನೋಡಿ.

ತುಮಕೂರಿನ ಕಡೆಯ, 55 ದಾಟಿದ ಒಬ್ಬ ಗೃಹಿಣಿಯ ದಿನ ಹೀಗಿದೆ ಎಂದುಕೊಳ್ಳಿ. ಎರಡು ಹೊತ್ತು ಕಾಫಿಗೆ ಸೇರಿ 150 ಮಿಲಿ ಹಾಲು: 180. ಮಧ್ಯಾಹ್ನ ಒಂದು ಮುದ್ದೆ: 290. ಊಟದ ಕೊನೆಗೆ 100 ಗ್ರಾಂ ಮೊಸರು: 120. ಒಂದು ಚಮಚ ಎಳ್ಳಿನ ಪುಡಿ: 120. ಒಟ್ಟು 710. ಬೇಳೆ, ತರಕಾರಿ, ಸೊಪ್ಪಿನಿಂದ ಇನ್ನೊಂದು 150 ಬಂದರೂ 860. ಕೊರತೆ 340.

ಇದನ್ನು ಎಳ್ಳಿನಿಂದ ತುಂಬಲು ಹೊರಟರೆ ಇನ್ನೂ ಮೂರು ಚಮಚ ಬೇಕು. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ಮೈಗೆ ಹತ್ತುವುದು ಮಾತ್ರ 36 ಮಿಲಿಗ್ರಾಂ, ಜೊತೆಗೆ ನೂರೈವತ್ತು ಕ್ಯಾಲೊರಿ, ಅದರಲ್ಲಿ ಬಹುಪಾಲು ಎಣ್ಣೆಯಂಶದ್ದು. ಅದರ ಬದಲು ಬೆಳಗ್ಗೆ ತಿಂಡಿಯ ಜೊತೆ 40 ಗ್ರಾಂ ಮೊಳಕೆ ರಾಗಿ ಹಿಟ್ಟಿನ ಅಂಬಲಿಗೆ 100 ಗ್ರಾಂ ಮೊಸರು ಕಡೆದು ಹಾಕಿದರೆ 145 ಮತ್ತು 120, ಸೇರಿ 265. ಉಳಿದದ್ದು 75, ರಾತ್ರಿ ಮಲಗುವಾಗ ಮೂರನೇ ಒಂದು ಲೋಟ ಹಾಲಿಗೆ ಸರಿಹೋಯಿತು. ಹಾಲಿನ ರೂಪದ 195ರಿಂದ 62, ರಾಗಿಯ 145ರಿಂದ 29, ಒಟ್ಟು 91 ಮೈಗೆ ಸೇರುತ್ತದೆ. ಅದೇ 340 ಮಿಲಿಗ್ರಾಂ, ಎಳ್ಳಿನದಕ್ಕಿಂತ ಎರಡೂವರೆ ಪಟ್ಟು ಫಲ.

ಹಾಲು ಮೊಸರು ಮುಟ್ಟದವರು ಎರಡು ಹೊತ್ತು ಮುದ್ದೆ, ಒಂದು ಹೊತ್ತು ಅಂಬಲಿ ಮಾಡಿದರೂ ರಾಗಿಯಿಂದ 725ರ ಹತ್ತಿರ ತಲುಪುತ್ತಾರೆ. ಉಳಿದದ್ದಕ್ಕೆ ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲೋ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನೋ ಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮೂರು ಹೊತ್ತಿನ ರಾಗಿಗೆ ಇಳಿಯುವ ಮುಂಚೆ ಊಟದ ನಂತರದ ಸಕ್ಕರೆ ಪರೀಕ್ಷಿಸಿಕೊಳ್ಳಿ. ರಾಗಿಯಲ್ಲೂ ಪಿಷ್ಟವೇ ಹೆಚ್ಚು.

ಹಂತ 7: ಹೊತ್ತು, ಉಪ್ಪು, ಬಿಸಿಲು, ಮಾತ್ರೆ

ಕ್ಯಾಲ್ಸಿಯಂ ಒಂದೇ ಸಲಕ್ಕೆ ಹೆಚ್ಚು ಬಂದಷ್ಟೂ ಹೀರುವ ಪಾಲು ತಗ್ಗುತ್ತದೆ. ಮೇಲಿನ ಲೆಕ್ಕದಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಹಂಚಿದ್ದು ಅದಕ್ಕೇ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರುತ್ತದೆ: ಆರು ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚದಷ್ಟು, 40 ಮಿಲಿಗ್ರಾಂವರೆಗೆ ಹೊರಗೆ ಕೊಂಡೊಯ್ಯಬಲ್ಲದು. ಅದು ಅರ್ಧ ಲೋಟ ಹಾಲಿನಿಂದ ಮೈಗೆ ಹತ್ತಿದ್ದು ಪೂರ್ತಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಮೂರೂ ಒಂದೇ ತಟ್ಟೆಯಲ್ಲಿ ಇಡುವವರು ಇದನ್ನು ಗಮನಿಸಿ.

ವಿಟಮಿನ್ ಡಿ ಕಡಿಮೆ ಇದ್ದರೆ ಹಾಲಿನ 32 ಕೂಡ ಸಿಗುವುದಿಲ್ಲ. ಮನೆಯೊಳಗೇ ಇರುವವರು, ಮೈಕೈ ನೋವು ಬಿಡದವರು ರಕ್ತ ಪರೀಕ್ಷೆ ಮಾಡಿಸಿಕೊಂಡು ವೈದ್ಯರು ಹೇಳಿದ ಹಾಗೆ ತೆಗೆದುಕೊಳ್ಳಿ. ಇದನ್ನು ಅಂದಾಜಿನ ಮೇಲೆ ನುಂಗಬೇಡಿ.

ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ, ರಾಗಿ ಮಾಲ್ಟ್ ಜೊತೆ ನುಂಗಿದರೆ ಕಬ್ಬಿಣ ಸರಿಯಾಗಿ ಸೇರುವುದಿಲ್ಲ, ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಮಾತ್ರ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಮೂತ್ರಪಿಂಡದ ತೊಂದರೆ ಇರುವವರಿಗೆ ರಾಗಿಯ ರಂಜಕ, ಪೊಟ್ಯಾಸಿಯಂ ಎರಡೂ ಲೆಕ್ಕಕ್ಕೆ ಬರುತ್ತವೆ. ಅವರು ಮೇಲಿನ ಯಾವ ಅಳತೆಯನ್ನೂ ವೈದ್ಯರನ್ನು ಕೇಳದೆ ಅನುಸರಿಸಬಾರದು.